ಜಾರ್‌ನ ತಳವನ್ನೂ ತೋರಿಸಿ

ಹೊಸ ಮಿಕ್ಸಿಯ ಅನ್‌ಬಾಕ್ಸಿಂಗ್ ವಿಡಿಯೋಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಚಾಕುವಿನಿಂದ ಟೇಪು ಕೊಯ್ಯುತ್ತಾರೆ, ಥರ್ಮಾಕೋಲ್ ಎಳೆಯುತ್ತಾರೆ, ಜಾರ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ, ಪೆಟ್ಟಿಗೆಯ ಮೇಲಿರುವುದನ್ನು ಓದಿ ಹೇಳುತ್ತಾರೆ. ಕೊನೆಗೆ ಒಂದು ಹಿಡಿ ಹುರಿಗಡಲೆ ಪುಡಿ ಮಾಡಿ, ‘ಸೂಪರ್ ಆಗಿದೆ, ಕಣ್ಣು ಮುಚ್ಚಿ ತಗೊಳ್ಳಿ’ ಅಂದರೆ ಮುಗಿಯಿತು. ಇಷ್ಟನ್ನೂ ನೋಡಿದವರಿಗೆ ಕೊಳ್ಳಬೇಕೋ ಬೇಡವೋ ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಇಬ್ಬರಿಗೆ ಆಗುವಷ್ಟು ಚಟ್ನಿ ಚಿಕ್ಕ ಜಾರ್‌ನಲ್ಲಿ ನುಣ್ಣಗಾಗುತ್ತದೆಯೇ? ದೋಸೆ ಹಿಟ್ಟು ಬಿಸಿಯಾಗುತ್ತದೆಯೇ? ಬೆಳಿಗ್ಗೆ ಆರಕ್ಕೆ ಹಾಕಿದರೆ ಮಲಗಿದ ಮಗು ಎದ್ದುಬಿಡುತ್ತದೆಯೇ? ಅವರು ವಿಡಿಯೋ ಹುಡುಕಿಕೊಂಡು ಬಂದದ್ದೇ ಇದನ್ನು ತಿಳಿಯಲು.

ಆದ್ದರಿಂದ ಕ್ಯಾಮೆರಾ ಆನ್ ಮಾಡುವ ಮೊದಲು ಇಂಥ ಮೂರೋ ನಾಲ್ಕೋ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು. ವಿಡಿಯೋದ ಕ್ರಮ ಅದರಿಂದಲೇ ತಾನಾಗಿ ಹುಟ್ಟುತ್ತದೆ. 750 ವ್ಯಾಟ್‌ನ, ಮೂರು ಜಾರ್‌ಗಳ ಸಾಧಾರಣ ಮಿಕ್ಸಿಯೊಂದನ್ನು ಇಟ್ಟುಕೊಂಡು ನೋಡೋಣ.

ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ತೀರ್ಪು ಹೇಳಿಬಿಡಿ. ಕೊನೆಯವರೆಗೆ ಗುಟ್ಟು ಕಾಯಲು ಇದೇನು ಪತ್ತೇದಾರಿ ಕಥೆಯಲ್ಲ. ‘ನಾಲ್ಕು ಜನರ ಮನೆಗೆ ಚಟ್ನಿ, ಮಸಾಲೆಗೆ ಚೆನ್ನಾಗಿದೆ, ದಿನಾ ಹಿಟ್ಟು ರುಬ್ಬುವವರಿಗೆ ಸಾಲದು, ಸದ್ದು ಜಾಸ್ತಿ. ಯಾಕೆ ಅಂತ ತೋರಿಸ್ತೀನಿ’ ಎಂದರೆ ಸಾಕು. ಹಣ ಕೊಟ್ಟು ಕೊಂಡದ್ದೋ ಕಂಪನಿ ಕಳಿಸಿದ್ದೋ ಎನ್ನುವ ಮಾತೂ ಇಲ್ಲೇ ಬರಬೇಕು. ಇದು ಬರೀ ಸೌಜನ್ಯದ ವಿಷಯವಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹಣ, ಉಚಿತ ವಸ್ತು, ರಿಯಾಯಿತಿ ಏನು ಪಡೆದಿದ್ದರೂ ಅದನ್ನು ವಿಡಿಯೋದ ಒಳಗೇ, ಮಾತಿನಲ್ಲೂ ಬರಹದಲ್ಲೂ, ವಿಡಿಯೋದ ಭಾಷೆಯಲ್ಲೇ ತಿಳಿಸಬೇಕು. ಕೆಳಗಿನ ವಿವರಣೆಯಲ್ಲಿ ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸಿಟ್ಟರೆ ಸಾಲದು. ಕನ್ನಡದಲ್ಲಿ ಮಾತಾಡಿ, ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರ ಅಂಟಿಸುವವರು ಇದನ್ನು ಗಮನಿಸಬೇಕು.

ಪೆಟ್ಟಿಗೆ ಬಿಚ್ಚುವುದಕ್ಕೆ ಒಂದೂವರೆ ನಿಮಿಷ ಧಾರಾಳವಾಯಿತು. ಆದರೆ ಚಿತ್ರೀಕರಿಸುವಾಗ ಎಲ್ಲೂ ನಿಲ್ಲಿಸದೆ ಒಂದೇ ಶಾಟ್‌ನಲ್ಲಿ ತೆಗೆಯಿರಿ. ಟೇಪು ಕೊಯ್ಯದ ಪೆಟ್ಟಿಗೆಯಿಂದ ಹಿಡಿದು ಕೊನೆಯ ವಾಷರ್ ಹೊರಬರುವವರೆಗೆ ದೃಶ್ಯ ತುಂಡಾಗದಿದ್ದರೆ, ಒಡೆದ ಮುಚ್ಚಳವೋ ಕಾಣೆಯಾದ ಸ್ಪ್ಯಾಚುಲಾವೋ ಬಂದದ್ದೇ ಹಾಗೆ ಎನ್ನುವುದಕ್ಕೆ ಅದೇ ಸಾಕ್ಷಿ. ನೋಡುವವರಿಗಾಗಿ ನಡುವಿನ ಭಾಗವನ್ನು ಆಮೇಲೆ ವೇಗವಾಗಿ ಓಡಿಸಿದರಾಯಿತು. ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ ಮುದ್ರಿಸಿರುವ ಚೀಟಿಯ ಮೇಲೆ ಕ್ಯಾಮೆರಾ ಮೂರು ಸೆಕೆಂಡ್ ನಿಲ್ಲಲಿ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಇರುವ ಕೊರಿಯರ್ ಚೀಟಿಯನ್ನು ಮಾತ್ರ ಮೊದಲೇ ಕಿತ್ತುಹಾಕಿ. ಎಡಿಟಿಂಗ್‌ನಲ್ಲಿ ಮಸುಕು ಮಾಡೋಣ ಎಂದುಕೊಂಡವರ ವಿಳಾಸ ಒಂದಲ್ಲ ಒಂದು ಫ್ರೇಮಿನಲ್ಲಿ ಉಳಿದುಕೊಂಡಿರುತ್ತದೆ.

ಇನ್ನು ವಸ್ತುವನ್ನು ತೋರಿಸುವುದು. ಹೆಚ್ಚಿನವರು ಸೋಲುವುದು ಇಲ್ಲಿ. ಮಿಕ್ಸಿಯ ಮೈ ಬಿಳಿ, ಜಾರ್ ಹೊಳೆಯುವ ಸ್ಟೀಲು, ಅಡುಗೆಮನೆಯಲ್ಲಿ ಟ್ಯೂಬ್‌ಲೈಟು. ಫೋನಿಗೆ ಇವು ಮೂರೂ ಆಗಿಬರುವುದಿಲ್ಲ. ಬಿಳಿ ಮೈ ಬೆಳಕಿನಲ್ಲಿ ಕರಗಿಹೋಗಿ ಅಂಚುಗಳೇ ಕಾಣಿಸವು. ಫೋನಿನ ಪರದೆಯಲ್ಲಿ ಮಿಕ್ಸಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಹೊಳಪನ್ನು ಸ್ವಲ್ಪ ಇಳಿಸಿ, ಹಿಂದೆ ಬೂದು ಅಥವಾ ಕಡುಬಣ್ಣದ ಬಟ್ಟೆ ಇಳಿಬಿಟ್ಟರೆ ಆಕಾರ ಎದ್ದು ಕಾಣುತ್ತದೆ. ಸ್ಟೀಲ್ ಜಾರ್‌ನಲ್ಲಿ ನಿಮ್ಮ ಮುಖವೂ ಕಿಟಕಿಯೂ ಪ್ರತಿಫಲಿಸದಿರಲು ಕಿಟಕಿಗೆ ಬಟರ್ ಪೇಪರ್ ಅಂಟಿಸಿ, ಇನ್ನೊಂದು ಪಕ್ಕಕ್ಕೆ ಪೆಟ್ಟಿಗೆಯಲ್ಲೇ ಬಂದ ಥರ್ಮಾಕೋಲ್ ನಿಲ್ಲಿಸಿ. ಥರ್ಮಾಕೋಲಿಗೆ ವಿಡಿಯೋದಲ್ಲಿ ಏನಾದರೂ ಪಾತ್ರವಿದ್ದರೆ ಅದಿಷ್ಟೇ.

ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಮೇಲಕ್ಕೂ ಕೆಳಕ್ಕೂ ತೇಲುವುದನ್ನು ನೋಡಿರಬಹುದು. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಫೋನಿನ ಲೆಕ್ಕ ಇದಕ್ಕೆ ತಾಳೆಯಾಗದಿದ್ದಾಗ ಪಟ್ಟಿ ಮೂಡುತ್ತದೆ. ಫೋನಿನಲ್ಲಿ 25 ಫ್ರೇಮ್ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ, ಶಟರ್ ವೇಗ ಹೊಂದಿಸಲು ಬಂದರೆ 1/50 ಅಥವಾ 1/100ಕ್ಕೆ ಇಡಿ. ಅದೆಲ್ಲ ತಲೆನೋವು ಅನಿಸಿದರೆ ಹಗಲು ಹೊತ್ತು ಕಿಟಕಿಯ ಪಕ್ಕ ಕೂತು, ದೀಪ ಆರಿಸಿ ತೆಗೆಯುವುದೇ ಸುಲಭ.

ಮುಂದಿನ ಅಂದದ ನೋಟ ಎಲ್ಲರೂ ತೋರಿಸುತ್ತಾರೆ. ಕೊಳ್ಳುವವರು ಅಂಗಡಿಗೆ ಹೋದರೆ ಕೈಯಲ್ಲಿ ಎತ್ತಿ ತಿರುಗಿಸಿ ನೋಡುವ ಜಾಗಗಳನ್ನು ನೀವು ತೋರಿಸಿ. ಪ್ಲಗ್ ತೆಗೆದು ಮಿಕ್ಸಿಯನ್ನು ಮಗುಚಿ ಹಾಕಿ: ತಳದ ರಬ್ಬರ್ ಕಾಲುಗಳು, ಗಾಳಿಯ ಕಿಂಡಿ, ಓವರ್‌ಲೋಡ್ ಆದಾಗ ಹೊರಗೆ ಬರುವ ಕೆಂಪು ಗುಂಡಿ. ಮೇಲೆ, ಜಾರ್ ಕೂರುವ ಕಡೆ ಹಲ್ಲುಹಲ್ಲಾಗಿರುವ ಕಪ್ಲರ್. ಮಿಕ್ಸಿಯಲ್ಲಿ ಬೇಗ ಸವೆಯುವ ಭಾಗ ಅದು. ಜಾರ್‌ನೊಳಗೆ ಬ್ಲೇಡಿನ ತುದಿಗೂ ತಳಕ್ಕೂ ಎಷ್ಟು ಅಂತರ ಎಂಬುದನ್ನು ಮೇಲಿನಿಂದ, ಟಾರ್ಚ್ ಬಿಟ್ಟು ತೋರಿಸಿ. ಅಂತರ ಹೆಚ್ಚಿದ್ದರೆ ಎರಡು ಚಮಚ ಮೆಣಸು, ಜೀರಿಗೆ ಪುಡಿಯಾಗದೆ ಬ್ಲೇಡಿನ ಕೆಳಗೇ ಕೂರುತ್ತದೆ. ಫೋನನ್ನು ತೀರಾ ಹತ್ತಿರ ಒಯ್ದರೆ ಆಕಾರ ಸೊಟ್ಟಗಾಗುತ್ತದೆ. ಸ್ವಲ್ಪ ದೂರ ನಿಂತು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಒಂದು ಶಾಟ್‌ನಲ್ಲಾದರೂ ಕೈ ಇರಲಿ, ಗಾತ್ರ ತಿಳಿಯುತ್ತದೆ.

ಪರೀಕ್ಷೆಗೆ ಬರೋಣ. ಚಟ್ನಿ ಜಾರ್‌ಗೆ ಅರ್ಧ ಬಟ್ಟಲು ಕಾಯಿತುರಿ, ಎರಡು ಹಸಿಮೆಣಸಿನಕಾಯಿ, ಎರಡು ಚಮಚ ಹುರಿಗಡಲೆ, ಕಾಲು ಲೋಟ ನೀರು. ಅಳತೆಯನ್ನು ಪರದೆಯ ಮೇಲೆ ಬರೆಯಿರಿ. ನೀರು ಹೆಚ್ಚು ಸುರಿದರೆ ಯಾವ ಮಿಕ್ಸಿಯಾದರೂ ನುಣ್ಣಗೆ ರುಬ್ಬೀತು. ಸ್ಟೀಲ್ ಜಾರ್ ಒಳಗೆ ಏನಾಗುತ್ತಿದೆ ಎಂದು ಕ್ಯಾಮೆರಾಗೆ ಕಾಣದು. ಹಾಗಾಗಿ 20, 40, 60 ಸೆಕೆಂಡಿಗೆ ನಿಲ್ಲಿಸಿ, ಮುಚ್ಚಳ ತೆಗೆದು ಅಂಚಿಗೆ ಅಂಟಿದ ತುರಿಯನ್ನೂ ತೋರಿಸಿ. ಆಮೇಲೆ ಒಂದು ಚಮಚ ಚಟ್ನಿಯನ್ನು ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಸವರಿ ಕ್ಲೋಸಪ್ ತೆಗೆಯಿರಿ. ಬಿಳಿ ಪಿಂಗಾಣಿಯ ಮೇಲೆ ಎಲ್ಲ ಚಟ್ನಿಯೂ ನುಣ್ಣಗೇ ಕಾಣುತ್ತದೆ. ಕಪ್ಪಿನ ಮೇಲೆ ತರಿ ಇದ್ದರೆ ಒಂದೊಂದೂ ಲೆಕ್ಕಕ್ಕೆ ಸಿಗುತ್ತದೆ.

ಎರಡನೆಯದು ಉದ್ದಿನ ಹಿಟ್ಟು. ರುಬ್ಬುವ ಮೊದಲು ಮತ್ತು ನಂತರ ಅಡುಗೆಯ ಥರ್ಮಾಮೀಟರ್ ಅದ್ದಿ ಎರಡೂ ಅಂಕಿಗಳನ್ನು ತೋರಿಸಿ. ಐಸ್ ನೀರು ಹಾಕಿದ್ದರೆ ಹಾಗೆಂದು ಹೇಳಿ. ಇಲ್ಲಿ ಒಂದು ಎಚ್ಚರ. ಮಿಕ್ಸಿಯ ರೇಟಿಂಗ್ ಪ್ಲೇಟಿನಲ್ಲಿ 30 ನಿಮಿಷ ಎಂದಿದ್ದರೆ ಅರ್ಧ ಗಂಟೆ ಬಿಡದೆ ಓಡಿಸಬಹುದು ಎಂದಲ್ಲ. ಸಾಮಾನ್ಯವಾಗಿ ಐದು ನಿಮಿಷ ಓಟ, ಎರಡು ನಿಮಿಷ ಬಿಡುವು ಎಂಬ ಲೆಕ್ಕ. ಇದನ್ನು ಓದದೆ ಎಂಟು ನಿಮಿಷ ಒಂದೇ ಸಮ ತಿರುಗಿಸಿ, ಕೆಂಪು ಗುಂಡಿ ಹೊರಬಂದ ಕೂಡಲೇ ‘ಮೋಟಾರ್ ಕೈಕೊಟ್ಟಿತು’ ಎನ್ನುವವರಿದ್ದಾರೆ. ಮೋಟಾರನ್ನು ಉಳಿಸಿದ್ದೇ ಆ ಗುಂಡಿ. ಹೊಸ ಮಿಕ್ಸಿ ಮೊದಮೊದಲು ಸುಟ್ಟ ವಾಸನೆ ಬೀರುವುದೂ ಹಾಗೆಯೇ; ಮೋಟಾರ್ ಸುರುಳಿಯ ವಾರ್ನಿಷ್ ಕಾದಾಗ ಬರುವ ವಾಸನೆ ಅದು, ಬಳಸುತ್ತಾ ಹೋದಂತೆ ನಿಲ್ಲುತ್ತದೆ. ನಿಲ್ಲದಿದ್ದರೆ ಅಥವಾ ಹೊಗೆ ಕಂಡರೆ ಅದು ದೋಷ.

ಸೋರಿಕೆ ನೋಡಲು ದೊಡ್ಡ ಜಾರ್‌ಗೆ ಗುರುತಿನ ಮಟ್ಟದವರೆಗೆ ನೀರು ಹಾಕಿ ಕೆಲವು ಸೆಕೆಂಡ್ ಓಡಿಸಿ, ಬಳಿಕ ಜಾರನ್ನು ಒಣ ಪತ್ರಿಕೆಯ ಮೇಲೆ ಐದು ನಿಮಿಷ ಇಡಿ. ತಳ ಸೋರುತ್ತಿದ್ದರೆ ಕಾಗದದ ಮೇಲೆ ಒದ್ದೆ ಉಂಗುರ ಮೂಡುತ್ತದೆ. ಮಾತಿನ ಅಗತ್ಯವೇ ಇಲ್ಲ.

ಸದ್ದಿನ ವಿಷಯದಲ್ಲಿ ಫೋನ್ ನಂಬಿಕೆಗೆ ಅರ್ಹವಲ್ಲ. ಜೋರು ಸದ್ದು ಬಂದರೆ ಫೋನು ತಾನೇ ಅದನ್ನು ತಗ್ಗಿಸಿ ದಾಖಲಿಸುತ್ತದೆ, ಹೀಗಾಗಿ ಅಬ್ಬರಿಸುವ ಮಿಕ್ಸಿಯೂ ವಿಡಿಯೋದಲ್ಲಿ ಸಾಧುವಾಗಿ ಕೇಳಿಸುತ್ತದೆ. ಮನೆಯ ಹಳೆಯ ಮಿಕ್ಸಿಯನ್ನು ಪಕ್ಕದಲ್ಲಿಟ್ಟು, ಫೋನನ್ನು ಕದಲಿಸದೆ, ಅದೇ ಶಾಟ್‌ನಲ್ಲಿ ಒಂದಾದ ಮೇಲೊಂದರಂತೆ ಓಡಿಸಿ. ಡೆಸಿಬೆಲ್ ಆ್ಯಪ್ ಬಳಸಿದರೂ ಎರಡರ ನಡುವಿನ ಅಂತರವನ್ನಷ್ಟೇ ಹೇಳಿ. ಪಕ್ಕದಲ್ಲಿ ನಿಂತವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಿದಾಗ ಅವರಿಗೆ ಕೇಳಿಸಿತೋ ಇಲ್ಲವೋ ಎನ್ನುವುದು ಅಂಕಿಗಿಂತ ಚೆನ್ನಾಗಿ ಮುಟ್ಟುತ್ತದೆ.

ಇಷ್ಟಾದ ಮೇಲೆ ಒಳ್ಳೆಯದು, ಕೆಟ್ಟದ್ದು. ಇವನ್ನು ಕೊನೆಯಲ್ಲಿ ಹಸಿರು ಟಿಕ್ಕು, ಕೆಂಪು ಗುಣಕ ಹಾಕಿದ ಪಟ್ಟಿಯಾಗಿ ಓದುವ ರೂಢಿ ಬಂದಿದೆ. ಪಟ್ಟಿಯಿಂದ ತೊಂದರೆಯಿಲ್ಲ, ಆದರೆ ಅದರಲ್ಲಿರುವ ಒಂದೊಂದು ಮಾತಿಗೂ ವಿಡಿಯೋದಲ್ಲಿ ಮೊದಲೇ ತೋರಿಸಿದ ದೃಶ್ಯ ಇರಬೇಕು, ಆ ಮಾತನ್ನು ಹೇಳುವಾಗ ಅದೇ ದೃಶ್ಯದ ಎರಡು ಸೆಕೆಂಡ್ ಮತ್ತೆ ಬರಬೇಕು. ಆಗ ದೃಶ್ಯವಿಲ್ಲದ ಹೊಗಳಿಕೆ ತಾನಾಗಿ ಉದುರಿಹೋಗುತ್ತದೆ. ಕೆಟ್ಟದ್ದರಲ್ಲೂ ಕಳ್ಳತನ ನಡೆಯುತ್ತದೆ. ‘ಇನ್ನೊಂದೆರಡು ಬಣ್ಣ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಯಾರಿಗೂ ನೋವಾಗದ ಕುಂದನ್ನು ಹುಡುಕಿ ಪ್ರಾಮಾಣಿಕರೆನಿಸಿಕೊಳ್ಳುವುದು ನನ್ನ ಲೆಕ್ಕದಲ್ಲಿ ಬರೀ ಹೊಗಳಿಕೆಗಿಂತ ಕೀಳು. ಕುಂದು ಎಂದಮೇಲೆ ಏನು ಕಂಡಿರಿ, ಯಾರಿಗೆ ತೊಂದರೆ ಎಂಬ ಎರಡೂ ಇರಬೇಕು. ‘ಚಿಕ್ಕ ಜಾರ್‌ನಲ್ಲಿ 60 ಸೆಕೆಂಡಿನ ಮೇಲೂ ತರಿ ಉಳಿಯಿತು, ಒಬ್ಬರಿಗೋ ಇಬ್ಬರಿಗೋ ಚಟ್ನಿ ಮಾಡುವವರು ಯೋಚಿಸಿ, ಐದಾರು ಜನರ ಮನೆಯವರಿಗೆ ಇದು ಲೆಕ್ಕಕ್ಕಿಲ್ಲ’ ಎನ್ನುವುದು ಕುಂದು. ಬೆಲೆ ಹೇಳುವಾಗ ನೀವು ಕೊಟ್ಟ ಹಣ, ಕೊಂಡ ದಿನಾಂಕ ಎರಡನ್ನೂ ಹೇಳಿ.

ಎಲ್ಲ ಸೇರಿ ಎಂಟು ಹತ್ತು ನಿಮಿಷದ ವಿಡಿಯೋ ಆಯಿತು. ಅಷ್ಟನ್ನೂ ನೋಡುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ, ಆದ್ದರಿಂದ ವಿವರಣೆಯಲ್ಲಿ ಸಮಯದ ಗುರುತು ಕೊಡಿ. ಯೂಟ್ಯೂಬ್ ಇವನ್ನು ಅಧ್ಯಾಯಗಳಾಗಿ ಒಡೆಯಬೇಕಾದರೆ ಮೊದಲನೆಯದು 00:00 ಆಗಿರಬೇಕು, ಕನಿಷ್ಠ ಮೂರು ಗುರುತು ಕ್ರಮವಾಗಿ ಇರಬೇಕು, ಪ್ರತಿ ಅಧ್ಯಾಯ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು.

```
00:00 ತೀರ್ಪು
00:25 ಪೆಟ್ಟಿಗೆಯೊಳಗೆ ಏನಿದೆ
01:50 ತಳ, ಕಪ್ಲರ್, ಬ್ಲೇಡ್
03:30 ಚಟ್ನಿ
05:00 ಉದ್ದಿನ ಹಿಟ್ಟು
06:40 ಸೋರಿಕೆ, ಸದ್ದು
08:00 ಯಾರಿಗೆ ಬೇಕು, ಯಾರಿಗೆ ಬೇಡ
```

ಕಪ್ಲರ್ ಎಷ್ಟು ದಿನ ಬಾಳುತ್ತದೆ, ಜಾರ್‌ನ ತಳ ಯಾವಾಗ ಸೋರಲು ಶುರುವಾಗುತ್ತದೆ, ಸರ್ವಿಸ್‌ನವರು ಕರೆದರೆ ಬರುತ್ತಾರೋ ಇಲ್ಲವೋ ಎಂಬುದು ಮೊದಲ ವಾರದ ವಿಡಿಯೋದಲ್ಲಿ ಗೊತ್ತಾಗುವಂಥದ್ದಲ್ಲ. ಗೊತ್ತಿಲ್ಲ ಎಂದು ವಿಡಿಯೋದಲ್ಲೇ ಹೇಳಿ. ಆರು ತಿಂಗಳ ಬಳಿಕ ಅದೇ ವಿಡಿಯೋದ ವಿವರಣೆಯ ಮೊದಲ ಸಾಲಿನಲ್ಲಿ, ದಿನಾಂಕ ಹಾಕಿ, ಮಿಕ್ಸಿ ಈಗ ಹೇಗಿದೆ ಎಂದು ಬರೆಯಿರಿ. ಆ ವಿಡಿಯೋ ನೋಡಿ ಮಿಕ್ಸಿ ಕೊಳ್ಳುವವರು ಆಗಲೂ ಇರುತ್ತಾರೆ.