ಗೇಟಿನ ಬೀಗ ಕೆಟ್ಟಾಗ ಬರೆಯುವ ಪತ್ರ

ಅಪಾರ್ಟ್‌ಮೆಂಟಿನ ಹಿಂದಿನ ಗೇಟಿಗೆ ಬೀಗ ಬೀಳುತ್ತಿಲ್ಲ, ರಾತ್ರಿ ಪಾಳಿಯ ವಾಚ್‌ಮನ್ ಕೂಡ ಬರುತ್ತಿಲ್ಲ ಎಂದುಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ದೂರು ಬೇರೆ ಮೆಸೇಜುಗಳಡಿ ಮುಚ್ಚಿಹೋಗುತ್ತದೆ. ಸಂಘದ ಕಾರ್ಯದರ್ಶಿಗೆ ಪತ್ರವನ್ನೇ ಕೊಟ್ಟು, ನಕಲಿನ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ.

‘ಭದ್ರತೆ ಸರಿಯಿಲ್ಲ’ ಎಂದಷ್ಟೇ ಬರೆದರೆ ಕೆಲಸ ಆಗುವುದಿಲ್ಲ. ಹೀಗೆ ಬರೆಯಿರಿ: ‘ಸೋಮವಾರ ರಾತ್ರಿಯಿಂದ ಹಿಂದಿನ ಗೇಟಿನ ಚಿಲಕದ ಕೊಂಡಿ ಬೆಸುಗೆ ಬಿಟ್ಟಿದೆ. ಫೋಟೊ ಇಟ್ಟಿದ್ದೇನೆ. ಇವತ್ತೇ ಸರಪಳಿ ಸುತ್ತಿ ಬೀಗ ಹಾಕಿಸಿ, ಕೀಲಿಕೈ ಮುಂದಿನ ಗೇಟಿನ ಕಾವಲುಗಾರರ ಬಳಿ ಇರಲಿ. ಶನಿವಾರದೊಳಗೆ ಬೆಸುಗೆ ಹಾಕಿಸಿ.’ ಕೊಂಡಿಯೇ ಕಿತ್ತುಬಂದಿರುವಾಗ ಹೊಸ ಬೀಗ ತಂದರೆ ದುಡ್ಡು ದಂಡ. ಆದ್ದರಿಂದ ಕೆಟ್ಟಿರುವುದು ಯಾವುದೆಂದು ಕೈಯಾರೆ ಅಲುಗಾಡಿಸಿ ನೋಡಿಯೇ ಬರೆಯಬೇಕು.

ವಾಚ್‌ಮನ್ ವಿಷಯದಲ್ಲಿ ಮೊದಲು ಕಾರಣ ಕೇಳಿ. ಅವರಿಗೆ ಜ್ವರ ಬಂದಿರಬಹುದು, ಸಂಬಳ ಬಾಕಿ ಇರಬಹುದು. ಏಜೆನ್ಸಿಯಿಂದ ಬಂದವರಾದರೆ ಬದಲಿ ಜನ ಕಳಿಸುವ ಷರತ್ತು ಒಪ್ಪಂದದಲ್ಲಿದೆಯೇ ನೋಡಿ, ಹಾಜರಿ ಪುಸ್ತಕದಲ್ಲಿ ಖಾಲಿ ಇರುವ ರಾತ್ರಿಗಳನ್ನು ಪತ್ರದಲ್ಲಿ ನಮೂದಿಸಿ. 2005ರ ಕೇಂದ್ರ ಕಾಯ್ದೆಯಂತೆ ಇಂಥ ಏಜೆನ್ಸಿಗೆ ಪರವಾನಗಿ ಇರಲೇಬೇಕು; ಅದರ ಪ್ರತಿಯನ್ನೂ ಕೇಳಿ.

ಅಪರಿಚಿತರು ಆಗಲೇ ಒಳಗೆ ನುಗ್ಗಿದ್ದರೆ ಪತ್ರ ಆಮೇಲೆ, ಮೊದಲು 112ಕ್ಕೆ ಕರೆ ಮಾಡಿ.