ಸೆಮಿನಾರ್ ಓದು ಚರ್ಚೆಯ ಹಾಳೆಯಾಗುವ ಬಗೆ

ಮಾನವಿಕ ವಿಷಯಗಳ ವಾರದ ಸೆಮಿನಾರಿಗೆ ಸಿದ್ಧಪಡಿಸುವ ಚರ್ಚೆಯ ಹಾಳೆಯಲ್ಲಿ ಎರಡೇ ಸಂಗತಿಗಳಿರುತ್ತವೆ: ಆ ವಾರದ ಓದಿನಿಂದ ಆಯ್ದ ನಾಲ್ಕೈದು ಭಾಗಗಳು, ಅವುಗಳನ್ನು ಕುರಿತ ಕೆಲವು ಪ್ರಶ್ನೆಗಳು. ಎ4 ಹಾಳೆಯ ಎರಡು ಮಗ್ಗುಲಲ್ಲಿ ಅದು ಮುಗಿಯಬೇಕು. ಸಾರಾಂಶಕ್ಕೆ ಅಲ್ಲಿ ಜಾಗವಿಲ್ಲ. ಸಾರಾಂಶ ಕೈಗೆ ಸಿಕ್ಕರೆ ಹಲವರು ಮೂಲವನ್ನು ತೆರೆಯುವುದೇ ಇಲ್ಲ.

ಸೆಮಿನಾರಿಗಾಗಿಯೇ ಹುಟ್ಟಿದ ಒಂದು ಬರಹವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ 1916ರ ಮೇ 9ರಂದು ಅಂಬೇಡ್ಕರ್ ಮಂಡಿಸಿದ, ಭಾರತದಲ್ಲಿ ಜಾತಿಗಳ ಹುಟ್ಟನ್ನು ಕುರಿತ ಪ್ರಬಂಧ ಅದು. ಚಿಕ್ಕದಾದರೂ ವಾದ ಬಿಗಿಯಾಗಿದೆ, ಒಂದೊಂದು ಮೆಟ್ಟಿಲೂ ಹಿಂದಿನದರ ಮೇಲೆ ನಿಂತಿದೆ.

ಮೊದಲ ಕೆಲಸ ಆ ಮೆಟ್ಟಿಲುಗಳನ್ನು ಗುರುತಿಸುವುದು. ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಏನು ಹೇಳುತ್ತದೆ ಎಂದಲ್ಲ, ಏನು ಮಾಡುತ್ತದೆ ಎಂದು ಬರೆದುಕೊಳ್ಳಬೇಕು: ಇಲ್ಲಿ ಹಳೆಯ ವ್ಯಾಖ್ಯೆಗಳನ್ನು ಪರೀಕ್ಷಿಸುತ್ತಾರೆ, ಇಲ್ಲಿ ತಮ್ಮದನ್ನು ಮುಂದಿಡುತ್ತಾರೆ, ಇಲ್ಲಿ ಎದುರಾಳಿಯ ಮಾತನ್ನು ತಳ್ಳಿಹಾಕುತ್ತಾರೆ. ಹೀಗೆ ಓದಿದಾಗ ಪ್ರಬಂಧದ ನಾಲ್ಕು ತಿರುವುಗಳು ಕಾಣುತ್ತವೆ. ಜಾತಿಯ ಸಾರವೆಂದರೆ ಒಳಬಾಂಧವ್ಯ, ಅಂದರೆ ಗುಂಪಿನೊಳಗೇ ಮದುವೆ, ಎಂಬುದು ಮೊದಲನೆಯದು. ಗಂಡ ಅಥವಾ ಹೆಂಡತಿ ಸತ್ತಾಗ ಗುಂಪಿನಲ್ಲಿ ಒಬ್ಬರು ‘ಹೆಚ್ಚುವರಿ’ಯಾಗಿ ಉಳಿಯುತ್ತಾರೆ, ಸತಿ, ಬಲವಂತದ ವೈಧವ್ಯ ಮತ್ತು ಬಾಲ್ಯವಿವಾಹ ಆ ತೊಡಕಿಗೆ ಕಂಡುಕೊಂಡ ದಾರಿಗಳು ಎಂಬುದು ಎರಡನೆಯದು. ಮನುವಾಗಲಿ ಬ್ರಾಹ್ಮಣರಾಗಲಿ ಇಡೀ ಸಮಾಜದ ಮೇಲೆ ಜಾತಿಯನ್ನು ಹೇರಲು ಸಾಧ್ಯವಿರಲಿಲ್ಲ ಎಂಬುದು ಮೂರನೆಯದು. ಒಂದು ವರ್ಗ ತನ್ನ ಬಾಗಿಲು ಮುಚ್ಚಿಕೊಂಡಿತು, ಉಳಿದವರಲ್ಲಿ ಕೆಲವರು ಅನುಕರಿಸಿದರು, ಕೆಲವರು ಹೊರಗುಳಿದದ್ದರಿಂದಲೇ ಬೇರೆ ಜಾತಿಯಾದರು ಎಂಬುದು ಕೊನೆಯದು.

ಪ್ರತಿ ತಿರುವಿನಿಂದ ನೂರು, ನೂರೈವತ್ತು ಪದಗಳ ಒಂದು ಭಾಗ ಸಾಕು. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದರಲ್ಲಿ ಅಪಾಯವಿದೆ. ಬ್ರಾಹ್ಮಣರು ಮೊದಲು ತಮ್ಮನ್ನು ಮುಚ್ಚಿಕೊಂಡರು ಎಂಬ ಭಾಗವೊಂದನ್ನೇ ಆಯ್ದು, ಮನುವನ್ನು ಕುರಿತ ಭಾಗವನ್ನು ಬಿಟ್ಟರೆ, ಒಂದು ವರ್ಗ ಉಳಿದವರ ಮೇಲೆ ಜಾತಿಯನ್ನು ಹೇರಿತು ಎಂಬ ಅರ್ಥ ಬರುತ್ತದೆ. ಲೇಖಕರು ಅಲ್ಲಗಳೆದ ವಾದವೇ ಅವರ ಹೆಸರಿನಲ್ಲಿ ತರಗತಿಗೆ ಬರುತ್ತದೆ. ಆಯ್ಕೆ ಮುಗಿದ ಮೇಲೆ ಹಾಳೆಯ ಭಾಗಗಳನ್ನು ಮಾತ್ರ ಓದಿ, ಮೂಲದ ನಿಲುವು ಅವುಗಳಿಂದ ಹೊರಡುತ್ತದೆಯೇ ಎಂದು ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಪ್ರಶ್ನೆಗಳ ಕಷ್ಟ ಬೇರೆ. ‘ಜಾತಿ ಪದ್ಧತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂಬುದಕ್ಕೆ ಪ್ರಬಂಧ ಓದದವರೂ ಉತ್ತರಿಸಬಲ್ಲರು. ಅಂಥ ಪ್ರಶ್ನೆ ಗಟ್ಟಿಯಾಗಿ ಮಾತಾಡುವವರ ಪಾಲಾಗುತ್ತದೆ. ‘ಮೂರು ಪದ್ಧತಿಗಳು ಯಾವುವು?’ ಎಂಬುದು ಒಂದು ಸಾಲಿನಲ್ಲಿ ಮುಗಿದು ಮೌನ ಕವಿಯುತ್ತದೆ. ಎರಡಕ್ಕೂ ನಡುವಿನ ಪ್ರಶ್ನೆ ಬೇಕು. ಹೆಚ್ಚುವರಿ ಹೆಂಗಸಿಗೆ ಚಿತೆ ಅಥವಾ ವೈಧವ್ಯ. ಹೆಚ್ಚುವರಿ ಗಂಡಸಿಗೆ ಬ್ರಹ್ಮಚರ್ಯ ಅಥವಾ ಇನ್ನೂ ಮದುವೆಯ ವಯಸ್ಸಿಗೆ ಬಾರದ ವಧು. ‘ಸಮಸ್ಯೆ ಒಂದೇ ಆಗಿರುವಾಗ ಪರಿಹಾರಗಳು ಏಕೆ ಬೇರೆಯಾದವು? ಅಂಬೇಡ್ಕರ್ ಕೊಡುವ ಕಾರಣಗಳು ಸಾಲುತ್ತವೆಯೇ?’ ಎಂದು ಕೇಳಿದರೆ ವಿದ್ಯಾರ್ಥಿ ಮತ್ತೆ ಪಠ್ಯಕ್ಕೆ ಹೋಗಲೇಬೇಕು. ಗಂಡಸಿನ ಮೇಲುಗೈ, ಅವನ ದುಡಿಮೆ ಗುಂಪಿಗೆ ಬೇಕಾಗಿದ್ದುದು, ಇವೆರಡೂ ಅಲ್ಲಿವೆ. ಅವುಗಳನ್ನು ತೂಗುವಾಗಲೇ ಲಿಂಗ ಮತ್ತು ಜಾತಿಯ ಸಂಬಂಧ ಚರ್ಚೆಗೆ ತಾನಾಗಿ ಬರುತ್ತದೆ.

ಇನ್ನೊಂದು ಪ್ರಶ್ನೆ ಎರಡು ಭಾಗಗಳನ್ನು ಮುಖಾಮುಖಿ ನಿಲ್ಲಿಸಬೇಕು. ‘ಅನುಕರಿಸಿದವರು, ಬಾಗಿಲಾಚೆ ಉಳಿದವರು, ಇಬ್ಬರನ್ನೂ ಒಂದೇ ಸಿದ್ಧಾಂತ ವಿವರಿಸಬಲ್ಲುದೇ?’ ಎಂಬುದು ಈ ಬಗೆಯದು. ತೊಂಬತ್ತು ನಿಮಿಷದ ತರಗತಿಗೆ ಇಂಥ ನಾಲ್ಕು ಪ್ರಶ್ನೆಗಳು ಧಾರಾಳವಾದವು. ಹತ್ತು ಬರೆದರೆ ಪ್ರತಿಯೊಂದನ್ನೂ ಮುಟ್ಟಿ ಬಿಡುವ ಅವಸರವೇ ಉಳಿಯುತ್ತದೆ.

ಹಾಳೆಯನ್ನು ತರಗತಿಗೆ ಎರಡು ಮೂರು ದಿನ ಮೊದಲೇ ಹಂಚಬೇಕು. ಪ್ರಶ್ನೆಗಳನ್ನು ಪುಟದ ತುದಿಯಲ್ಲಿ ರಾಶಿ ಹಾಕದೆ ಆಯಾ ಭಾಗದ ಕೆಳಗೇ ಇಟ್ಟು, ನಡುವೆ ಬರೆದುಕೊಳ್ಳಲು ಜಾಗ ಬಿಡುವುದು ಒಳ್ಳೆಯದು. ಈ ಪ್ರಬಂಧ 1917ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು, 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಹೊರತಂದ ಬರಹ-ಭಾಷಣಗಳ ಮೊದಲ ಸಂಪುಟದಲ್ಲೂ ಸೇರಿತು. ಪುಟಸಂಖ್ಯೆ ಪ್ರತಿ ಮುದ್ರಣದಲ್ಲೂ ಬೇರೆಯಾಗುವುದರಿಂದ, ಪ್ರತಿ ಭಾಗದ ಪಕ್ಕದಲ್ಲಿ ಬಳಸಿದ ಆವೃತ್ತಿಯ ಹೆಸರು ಮತ್ತು ಪ್ಯಾರಾದ ಸಂಖ್ಯೆ ಇರಲೇಬೇಕು.