ಹಳ್ಳದಾಚೆಯ ಹತ್ತು ಮನೆ

ಐದನೇ ತರಗತಿವರೆಗಿನ ಶಾಲೆ 1 ಕಿಲೋಮೀಟರ್ ನಡಿಗೆಯೊಳಗೆ ಇರಬೇಕು ಎನ್ನುತ್ತವೆ ಶಿಕ್ಷಣ ಹಕ್ಕಿನ ನಿಯಮಗಳು. ಮಲೆನಾಡಿನ ಒಂದು ಊರನ್ನು ಕಲ್ಪಿಸಿಕೊಳ್ಳಿ. ಜಿಪಿಎಸ್‌ನಲ್ಲಿ ಗುರುತಿಸಿದ ಮನೆಗಳು ನಕ್ಷೆಯ ಮೇಲೆ ಚುಕ್ಕಿಗಳಾಗಿವೆ. ಶಾಲೆಗೆಂದು ನೋಡಿದ ಜಾಗದ ಸುತ್ತ 1 ಕಿಲೋಮೀಟರ್ ವೃತ್ತ ಎಳೆದರೆ ಎಲ್ಲ ಮನೆಗಳೂ ಒಳಗೇ ಬರುತ್ತವೆ. ಮೇಲೆ ಹಳ್ಳಗಳ ಪದರ ಹಾಕಿ ನೋಡಿ, ಹತ್ತು ಮನೆಗಳು ಹಳ್ಳದಾಚೆ ಉಳಿದವು. ಮಳೆಗಾಲದಲ್ಲಿ ಕಾಲುಸಂಕ ಮುಳುಗಿದರೆ ಆ ಮಕ್ಕಳು ಸೇತುವೆ ಬಳಸಿ 3 ಕಿಲೋಮೀಟರ್ ನಡೆಯಬೇಕು. ಹಾಗಾಗಿ ನಾನು ವೃತ್ತಕ್ಕಿಂತ ರಸ್ತೆ ಪದರದ ಮೇಲೆ ಅಳೆದ ದಾರಿಯನ್ನೇ ನಂಬುತ್ತೇನೆ.

ಇದು ಊರಿನವರಿಗೆ ಮೊದಲೇ ಗೊತ್ತಲ್ಲವೇ ಎನ್ನಬಹುದು. ಗೊತ್ತು. ಸಂಕ ಯಾವಾಗ ಮುಳುಗುತ್ತದೆಂದು ಅವರನ್ನೇ ಕೇಳಿ ನಕ್ಷೆಗೆ ತುಂಬಬೇಕು; ನಾಲ್ಕಾರು ಜಾಗಗಳನ್ನು ಒಟ್ಟಿಗೆ ತೂಗಿ ನೋಡಲು ನಕ್ಷೆಯೇ ಬೇಕು. ದಟ್ಟ ಮರಗಳಡಿ ಮೊಬೈಲ್ ಜಿಪಿಎಸ್ 10 ಮೀಟರ್ ತಪ್ಪಬಹುದು. ನಡಿಗೆಯ ಲೆಕ್ಕಕ್ಕೆ ಅದು ಅಡ್ಡಿಯಲ್ಲ. ಜಾಗದ ಗಡಿ ಅರಣ್ಯಕ್ಕೆ ತಾಗುತ್ತದೆಯೇ ಎಂಬುದನ್ನು ಮಾತ್ರ ಸರ್ವೆಯರ್ ಅಳೆದೇ ಹೇಳಬೇಕು.